ಗಟ್ಟಿಮೇಳಕ್ಕೆ ಮುಂಚೆ ಒಂದು ಚಪ್ಪಾಳೆ

ಪುರೋಹಿತರು ಕೈಯೆತ್ತಿ ‘ಗಟ್ಟಿಮೇಳ, ಗಟ್ಟಿಮೇಳ’ ಎಂದರೆ ಸಾಕು, ವಾಲಗದವರ ಡೋಲು ಬಿರುಸಾಗುತ್ತದೆ, ಅಕ್ಷತೆ ಹಾರುತ್ತದೆ, ತಾಳಿಗೆ ಗಂಟು ಬೀಳುತ್ತದೆ. ಎಲ್ಲ ಮುಗಿಯಲು ಒಂದು ನಿಮಿಷವೂ ಬೇಕಿಲ್ಲ. ‘ಇನ್ನೊಂದು ಸಲ ಕಟ್ಟಿ’ ಎಂದು ವಿಡಿಯೋದವರು ಕೇಳುವಂತೆಯೂ ಇಲ್ಲ. ಅದಕ್ಕೇ ಈಗ ಸಾಮಾನ್ಯ ಮದುವೆಗೂ ಎರಡು ಮೂರು ಕ್ಯಾಮೆರಾಗಳು ಬರುತ್ತವೆ. ಮಂತ್ರ ಸ್ಪಷ್ಟವಾಗಿ ಕೇಳಲೆಂದು ಪುರೋಹಿತರ ಹತ್ತಿರ ಅಂಗೈಯಗಲದ ಆಡಿಯೋ ರೆಕಾರ್ಡರ್ ಒಂದನ್ನು ಇಡುವವರೂ ಇದ್ದಾರೆ.

ತೊಂದರೆ ಎದುರಾಗುವುದು ಎಡಿಟಿಂಗ್ ಮೇಜಿನ ಮೇಲೆ. ನಾಲ್ಕು ಯಂತ್ರಗಳನ್ನು ನಾಲ್ಕು ಬೇರೆ ಬೇರೆ ಗಳಿಗೆಯಲ್ಲಿ ಆನ್ ಮಾಡಿರುತ್ತಾರೆ. ಒಂದರ ಹನ್ನೆರಡನೇ ನಿಮಿಷ ಇನ್ನೊಂದರ ಒಂಬತ್ತನೆಯದಾಗಿರಬಹುದು. ಇವನ್ನೆಲ್ಲ ಒಂದೇ ಕಾಲಕ್ಕೆ ಹೊಂದಿಸುವ ಕೆಲಸಕ್ಕೆ ಸಿಂಕ್ ಮಾಡುವುದು ಎನ್ನುತ್ತಾರೆ.

ಇದಕ್ಕೆ ಹಳೆಯ, ನಂಬಿಕಸ್ತ ಉಪಾಯ ಚಪ್ಪಾಳೆ. ಎಲ್ಲ ಕ್ಯಾಮೆರಾಗಳೂ ರೆಕಾರ್ಡರೂ ಓಡುತ್ತಿವೆ ಎಂದು ಖಚಿತವಾದ ಮೇಲೆ ಒಬ್ಬರು ಮಂಟಪದ ಮುಂದೆ ನಿಂತು, ಕೈ ಎಲ್ಲ ಕ್ಯಾಮೆರಾಗಳಿಗೂ ಕಾಣುವಂತೆ ಎತ್ತಿ, ಗಟ್ಟಿಯಾಗಿ ಒಮ್ಮೆ ತಟ್ಟುತ್ತಾರೆ. ಎರಡು ಅಂಗೈ ಕೂಡಿದ ಚಿತ್ರ ಕ್ಯಾಮೆರಾದಲ್ಲಿರುತ್ತದೆ. ಆ ಸದ್ದು ರೆಕಾರ್ಡರಿನ ವೇವ್‌ಫಾರ್ಮಿನಲ್ಲಿ, ಅಂದರೆ ಶಬ್ದದ ಏರಿಳಿತ ತೋರಿಸುವ ಗೆರೆಯಲ್ಲಿ, ಚೂಪಾದ ಮೊನೆಯಾಗಿ ಕಾಣುತ್ತದೆ. ಕೈ ಕೂಡಿದ ಫ್ರೇಮನ್ನು ಆ ಮೊನೆಯ ನೇರಕ್ಕೆ ತಂದರೆ ಚಿತ್ರ, ಶಬ್ದ ಎರಡೂ ಕೂಡಿಕೊಂಡವು. ನಡುವೆ ಕ್ಯಾಮೆರಾ ನಿಲ್ಲಿಸಿ ಮತ್ತೆ ಆನ್ ಮಾಡಿದರೆ ಹೊಸ ಕ್ಲಿಪ್ ಶುರುವಾಗುತ್ತದೆ, ಹಳೆಯ ಚಪ್ಪಾಳೆ ಅದಕ್ಕೆ ಸಲ್ಲದು. ಮಂತ್ರದ ನಡುವೆ ಮತ್ತೆ ಚಪ್ಪಾಳೆ ತಟ್ಟಲೂ ಆಗದು. ಆದ್ದರಿಂದ ಧಾರೆಗೆ ಮುಂಚೆ ತಟ್ಟಿ, ತಾಳಿ ಕಟ್ಟಿ ಮುಗಿಯುವವರೆಗೆ ಯಾರೂ ರೆಕಾರ್ಡಿಂಗ್ ನಿಲ್ಲಿಸದಿರುವುದು ಕ್ಷೇಮ.

ಚಪ್ಪಾಳೆ ಇಲ್ಲದ ಕ್ಲಿಪ್‌ಗಳನ್ನು ಹೊಂದಿಸಲು ಸಾಫ್ಟ್‌ವೇರ್ ನೆರವಾಗುತ್ತದೆ. ಪ್ರೀಮಿಯರ್ ಪ್ರೋದಲ್ಲಿ ಕ್ಲಿಪ್‌ಗಳನ್ನು ಆಯ್ದು Synchronize ಒತ್ತಿ Audio ಎಂದು ಆರಿಸಿದರೆ, ಅದು ಕ್ಯಾಮೆರಾದ ಶಬ್ದವನ್ನು ರೆಕಾರ್ಡರಿನ ಶಬ್ದದ ಪಕ್ಕದಲ್ಲಿ ಹಿಂದಕ್ಕೂ ಮುಂದಕ್ಕೂ ಸರಿಸುತ್ತ, ಎರಡರ ಏರಿಳಿತ ಅತಿ ಹೆಚ್ಚು ಹೋಲುವ ಜಾಗವನ್ನು ಹುಡುಕುತ್ತದೆ. ಡಾವಿಂಚಿ ರಿಸಾಲ್ವ್‌ನಲ್ಲೂ ಇಂಥದೇ ಸೌಲಭ್ಯವಿದೆ. ಹಾಗಾಗಿ ‘ಬೇರೆ ರೆಕಾರ್ಡರ್ ಇದೆಯಲ್ಲ’ ಎಂದು ಕ್ಯಾಮೆರಾದ ಮೈಕ್ ಆಫ್ ಮಾಡುವಂತಿಲ್ಲ. ಅದರ ಶಬ್ದ ಕೊನೆಗೆ ಯಾರ ಕಿವಿಗೂ ಬೀಳದಿದ್ದರೂ, ಹೋಲಿಸಿ ನೋಡಲು ಅದು ಬೇಕೇ ಬೇಕು.

ಈ ಹುಡುಕಾಟ ದಾರಿ ತಪ್ಪುವುದೂ ಉಂಟು. ಡೋಲಿನ ಪೆಟ್ಟು ಒಂದೇ ಲಯದಲ್ಲಿ ಮರುಕಳಿಸುತ್ತಿದ್ದರೆ ಈ ಪೆಟ್ಟಿಗೂ ಮುಂದಿನ ಪೆಟ್ಟಿಗೂ ಸಾಫ್ಟ್‌ವೇರಿಗೆ ವ್ಯತ್ಯಾಸವೇ ತಿಳಿಯದೆ, ಕ್ಲಿಪ್ಪು ಸರಿಯಾಗಿ ಒಂದು ಪೆಟ್ಟಿನಷ್ಟು ಆಚೆ ಹೋಗಿ ಕೂರಬಹುದು. ರೆಕಾರ್ಡರನ್ನು ಮೈಕ್‌ಸೆಟ್ಟಿನ ಮಿಕ್ಸರಿಗೆ ಜೋಡಿಸಿದ್ದರೆ ಇನ್ನೊಂದು ಫಜೀತಿ: ಅದರೊಳಗೆ ಮಂತ್ರ ಮಾತ್ರ ಇರುತ್ತದೆ, ಕ್ಯಾಮೆರಾದಲ್ಲಿ ವಾಲಗದ ಅಬ್ಬರವೇ ಹೆಚ್ಚಿರುತ್ತದೆ, ಹೋಲಿಸಲು ಸಮಾನವಾದದ್ದೇ ಸಿಗುವುದಿಲ್ಲ. ತಪ್ಪು ಹಿಡಿಯಲು ಎರಡೂ ಶಬ್ದಗಳನ್ನು ಒಟ್ಟಿಗೆ ಕೇಳಬೇಕು. ಪ್ರತಿ ಅಕ್ಷರ ಎರಡೆರಡು ಸಲ ಕೇಳಿದರೆ ಹೊಂದಾಣಿಕೆ ಆಗಿಲ್ಲವೆಂದೇ ಅರ್ಥ. ಆಗ ಡೋಲಿನ ಭಾಗ ಬಿಟ್ಟು, ಪುರೋಹಿತರು ಮಾತಾಡಿದ ಅಥವಾ ಯಾರೋ ಕೆಮ್ಮಿದ ಜಾಗವನ್ನು ಕೈಯಾರೆ ಹೊಂದಿಸುವುದು ಬೇಗ ಮುಗಿಯುವ ದಾರಿ.

ಆದರೆ ಶಬ್ದ ಶಬ್ದಕ್ಕೆ ಕರಾರುವಾಕ್ಕಾಗಿ ಕೂತ ಮೇಲೂ ಚಿತ್ರ ತಪ್ಪಿರಬಹುದು. ಹೊಸಬರನ್ನು ಹೆಚ್ಚು ಕಾಡುವುದು ಇದೇ. ಮಿಂಚು ಮೊದಲು ಕಂಡು ಗುಡುಗು ಆಮೇಲೆ ಕೇಳುವುದಕ್ಕೆ ಏನು ಕಾರಣವೋ ಕಲ್ಯಾಣ ಮಂಟಪದಲ್ಲೂ ಅದೇ ಕಾರಣ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಸೆಕೆಂಡಿಗೆ 25 ಫ್ರೇಮ್ ಹಿಡಿಯುವ ಕ್ಯಾಮೆರಾದಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್. ಅಷ್ಟರಲ್ಲಿ ಶಬ್ದ ಹದಿನಾಲ್ಕು ಮೀಟರಿನಷ್ಟೂ ಹೋಗಿರುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡಬಹುದು. ಎರಡು ಕ್ಯಾಮೆರಾಗಳು ವೇದಿಕೆಯ ಅಕ್ಕಪಕ್ಕ ಮೂರು ಮೀಟರ್ ದೂರದಲ್ಲಿವೆ, ಮೂರನೆಯದು ಹಾಲಿನ ಕೊನೆಯಲ್ಲಿ, 24 ಮೀಟರ್ ಆಚೆ, ಟ್ರೈಪಾಡಿನ ಮೇಲಿದೆ ಎನ್ನೋಣ. ಡೋಲಿನ ಪೆಟ್ಟು ಹಿಂದಿನ ಕ್ಯಾಮೆರಾಕ್ಕೆ ಕಂಡು 70 ಮಿಲಿಸೆಕೆಂಡ್ ಕಳೆದ ಮೇಲೆ ಕೇಳಿಸುತ್ತದೆ. ಸಾಫ್ಟ್‌ವೇರಿಗೆ ಕಣ್ಣಿಲ್ಲ, ತಡವಾಗಿ ಬಂದ ಆ ಸದ್ದನ್ನೇ ಅದು ರೆಕಾರ್ಡರಿನ ಸದ್ದಿನ ನೇರಕ್ಕೆ ಕೂರಿಸುತ್ತದೆ. ಪರಿಣಾಮವಾಗಿ ಆ ಕ್ಯಾಮೆರಾದ ಚಿತ್ರ ಸುಮಾರು ಎರಡು ಫ್ರೇಮ್ ಮುಂಚಿತವಾಗಿ ಓಡುತ್ತದೆ. ಮಂತ್ರ ಹೇಳುವ ತುಟಿಯ ಚಲನೆಯಲ್ಲಿ ಇದು ಗೊತ್ತಾಗದಿರಬಹುದು. ಆದರೆ ಡೋಲಿನ ಕೋಲು ಬೀಳುವಾಗ ಹತ್ತಿರದ ಕ್ಯಾಮೆರಾದಿಂದ ದೂರದ್ದಕ್ಕೆ ಕಟ್ ಮಾಡಿದರೆ ಕೈ ಚಕ್ಕನೆ ಜಿಗಿದಂತಾಗುತ್ತದೆ. ಪರಿಹಾರ ಸುಲಭ: ದೂರದ ಕ್ಲಿಪ್ಪನ್ನು ಟೈಮ್‌ಲೈನಿನಲ್ಲಿ ಎರಡು ಫ್ರೇಮ್ ಬಲಕ್ಕೆ ತಳ್ಳಬೇಕು. ಇಲ್ಲಿ ಎಣಿಕೆಗೆ ಬರುವುದು ಶಬ್ದ ನಿಜವಾಗಿ ಕ್ರಮಿಸಿದ ದೂರ. ಹಿಂದಿನ ಕ್ಯಾಮೆರಾದ ಪಕ್ಕದಲ್ಲೇ ಸ್ಪೀಕರ್ ಇದ್ದರೆ ಪುರೋಹಿತರ ಮಂತ್ರ ತಂತಿಯಲ್ಲಿ ಹಾದು ಅದಕ್ಕೆ ಬೇಗ ತಲುಪುತ್ತದೆ, ಮೈಕಿಲ್ಲದ ಡೋಲು ಮಾತ್ರ ತಡವಾಗುತ್ತದೆ.

ಎಷ್ಟು ತಳ್ಳಬೇಕೆಂದು ಕಣ್ಣಿನಲ್ಲೇ ಪರೀಕ್ಷಿಸಲು ಮದುವೆಮನೆಯಲ್ಲಿ ಪುಕ್ಕಟೆ ಸಾಧನವೊಂದಿದೆ, ಫೋಟೋದವರ ಫ್ಲ್ಯಾಶ್. ಬೆಳಕಿಗೆ ಈ ದೂರಗಳು ಲೆಕ್ಕಕ್ಕೇ ಇಲ್ಲವಾದ್ದರಿಂದ ಅದು ಎಲ್ಲ ಕ್ಯಾಮೆರಾಗಳಲ್ಲೂ ಏಕಕಾಲಕ್ಕೆ ದಾಖಲಾಗುತ್ತದೆ, ಬಹಳ ಸಲ ಫ್ರೇಮಿನ ಒಂದು ಭಾಗವಷ್ಟೇ ಬೆಳ್ಳಗಾಗಿ ಪಟ್ಟಿಯಂತೆ ಕಾಣುತ್ತದೆ. ಬಿಡಿಯಾಗಿ ಮಿಂಚಿದ ಒಂದು ಫ್ಲ್ಯಾಶ್ ಹುಡುಕಿ, ಅದು ಮೂರೂ ಚಿತ್ರಗಳಲ್ಲಿ ಒಂದೇ ಗೆರೆಯಲ್ಲಿ ನಿಲ್ಲುವಂತೆ ಸರಿಸಿದರೆ ಚಿತ್ರಗಳು ತಮ್ಮತಮ್ಮಲ್ಲಿ ಹೊಂದಿದಂತೆ.

ಉಳಿಯುವುದು ಗಡಿಯಾರದ ಜಗಳ. ಪ್ರತಿ ಯಂತ್ರದೊಳಗೂ ಕಾಲ ಅಳೆಯುವ ಹರಳೊಂದಿದ್ದು, ಯಾವ ಎರಡು ಹರಳುಗಳೂ ತದ್ವತ್ ಓಡುವುದಿಲ್ಲ. ಹತ್ತು ಲಕ್ಷದಲ್ಲಿ 40 ಭಾಗದಷ್ಟು ವ್ಯತ್ಯಾಸವಿದ್ದರೂ 50 ನಿಮಿಷಕ್ಕೆ 120 ಮಿಲಿಸೆಕೆಂಡ್, ಅಂದರೆ ಮೂರು ಫ್ರೇಮ್ ಜಾರುತ್ತದೆ. ಆರಂಭದಲ್ಲಿ ಕೂಡಿಯೇ ಇದ್ದ ಮಾತು ಮತ್ತು ತುಟಿ ಕೊನೆಕೊನೆಗೆ ಬೇರೆಯಾಗುವುದು ಹೀಗೆ. ಇದನ್ನು ಕಂಡುಹಿಡಿಯಲೆಂದೇ ಅನುಭವಿಗಳು ಕ್ಯಾಮೆರಾ ಆರಿಸುವ ಮುನ್ನ ಇನ್ನೊಂದು ಚಪ್ಪಾಳೆ ತಟ್ಟುತ್ತಾರೆ. ಮೊದಲ ಚಪ್ಪಾಳೆ ಕೂಡಿದ್ದು ಎರಡನೆಯದು ಮೂರು ಫ್ರೇಮ್ ತಪ್ಪಿದ್ದರೆ ಜಾರಿದ್ದು ಎಷ್ಟೆಂದು ತಿಳಿದಂತೆಯೇ. ಮಂತ್ರದ ನಡುವೆ ಉಸಿರೆಳೆದುಕೊಳ್ಳುವ ಮೂರು ಕಡೆ ರೆಕಾರ್ಡರಿನ ಶಬ್ದವನ್ನು ಕತ್ತರಿಸಿ, ಒಂದೊಂದು ಫ್ರೇಮಿನಷ್ಟು ಸರಿಸಿದರೆ ಯಾರ ಕಿವಿಗೂ ತಿಳಿಯುವುದಿಲ್ಲ. ವಾಲಗ ಸತತವಾಗಿ ನುಡಿಯುವ ಕಡೆ ಮಾತ್ರ ಹೀಗೆ ಕತ್ತರಿಸಿದರೆ ತಾಳ ತಪ್ಪುತ್ತದೆ, ಅಲ್ಲಿ ಇಡೀ ತುಣುಕಿನ ವೇಗವನ್ನೇ ಕೂದಲೆಳೆಯಷ್ಟು ಬದಲಿಸಬೇಕಾಗುತ್ತದೆ.

ಡ್ರೋನ್ ಹಿಡಿದ ಚಿತ್ರಕ್ಕೂ, ಹಲವು ಕ್ಯಾಮೆರಾಗಳ ಸ್ಲೋ ಮೋಷನ್ ಕ್ಲಿಪ್‌ಗಳಿಗೂ ಶಬ್ದವೇ ಇರುವುದಿಲ್ಲ. ಅವುಗಳನ್ನು ಮಂತ್ರಕ್ಕೆ ಹೊಂದಿಸುವ ಗೋಜಿಗೆ ಹೋಗದೆ, ಅಕ್ಷತೆ ಬೀಳುವ ದೃಶ್ಯದ ಮೇಲೋ ಛತ್ರದ ಹೊರನೋಟಕ್ಕೋ ಇಟ್ಟು, ಕೆಳಗೆ ರೆಕಾರ್ಡರಿನ ವಾಲಗವನ್ನು ಹಾಗೆಯೇ ಹರಿಯಬಿಡುತ್ತಾರೆ.