ರಜೆ ಕೇಳಿ, ಕಥೆ ಹೇಳಬೇಡಿ

ಅಮೆರಿಕದಲ್ಲಿ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ಕಾಯುವವರ ಮನೆಗೆ ಒಂದು ದಿನ ವಲಸೆ ಇಲಾಖೆಯ ಕಾಗದ ಬರುತ್ತದೆ. ಬೆರಳಚ್ಚು ಕೊಡಲು ಇಂಥ ದಿನ, ಇಷ್ಟು ಗಂಟೆಗೆ, ಇಂಥ ಕಚೇರಿಗೆ ಬನ್ನಿ ಎಂದು ಅದರಲ್ಲಿರುತ್ತದೆ. ಆ ದಿನ ಕೆಲಸವಿದ್ದರೆ ರಜೆ ಕೇಳಲೇಬೇಕು. ಆದರೆ ಏನೆಂದು ಕೇಳುವುದು?

ಹಾಸನದ ಕಡೆಯ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ನ್ಯೂಜೆರ್ಸಿಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸ, ಬುಧವಾರ ಹನ್ನೊಂದಕ್ಕೆ ಬೆರಳಚ್ಚು. ಗಾಬರಿಯಲ್ಲಿ ಆಕೆ ಮ್ಯಾನೇಜರಿಗೆ ಉದ್ದದ ಮೇಲ್ ಬರೆಯುತ್ತಾಳೆ. ಗಂಡನ ವೀಸಾ, ಎಷ್ಟು ವರ್ಷದಿಂದ ಕಾಯುತ್ತಿದ್ದೇವೆ, ಅರ್ಜಿ ತಿರಸ್ಕೃತವಾದರೆ ಏನು ಗತಿ, ಎಲ್ಲವೂ ಅದರಲ್ಲಿದೆ. ಮ್ಯಾನೇಜರಿಗೆ ಬೇಕಾಗಿದ್ದುದು ಬುಧವಾರ ಕೌಂಟರಿನಲ್ಲಿ ಯಾರಿರುತ್ತಾರೆ ಎಂಬುದಷ್ಟೇ. ಬದಲಿಗೆ, ಈಕೆ ಇಲ್ಲಿ ಎಷ್ಟು ದಿನ ಇರುತ್ತಾಳೋ ಎಂಬ ಅನುಮಾನ ಅವರ ತಲೆಗೆ ಹೊಕ್ಕಿತು.

ಇಷ್ಟೇ ಬರೆದಿದ್ದರೆ ಸಾಕಿತ್ತು: "ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಸರ್ಕಾರಿ ಕಚೇರಿಯಲ್ಲಿ ನನಗೆ ಅಪಾಯಿಂಟ್‌ಮೆಂಟ್ ಇದೆ, ಸಮಯ ಬದಲಿಸುವುದು ಕಷ್ಟ. ಅರ್ಧ ದಿನ ರಜೆ ಬೇಕು. ಎರಡು ಗಂಟೆಗೆ ಬರುತ್ತೇನೆ, ಅಲ್ಲಿಯವರೆಗೆ ನನ್ನ ಪಾಳಿಯನ್ನು ಸಹೋದ್ಯೋಗಿ ನೋಡಿಕೊಳ್ಳಲು ಒಪ್ಪಿದ್ದಾರೆ." ಇದರಲ್ಲಿ ಸುಳ್ಳಿಲ್ಲ. ಆಸ್ಪತ್ರೆ ಎಂದು ಹೇಳಿ ಹೋಗುವವರೂ ಇದ್ದಾರೆ. ನಾಳೆ ವೈದ್ಯರ ಚೀಟಿ ಕೇಳಿದರೆ ಸಿಕ್ಕಿಬೀಳುತ್ತಾರೆ. ಆ ದಾರಿ ಬೇಡ.

ಬೆರಳಚ್ಚಿನ ಕೆಲಸ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ, ಅರ್ಧ ದಿನ ಸಾಕು. ಸಂದರ್ಶನವಿದ್ದರೆ ಇಡೀ ದಿನ ಕೇಳಿ. ಪೌರತ್ವದ ಸಂದರ್ಶನವಾದರೆ ಕೆಲವು ಕಚೇರಿಗಳಲ್ಲಿ ಅದೇ ದಿನ ಪ್ರಮಾಣವಚನವೂ ಆಗಿಬಿಡುತ್ತದೆ.

ಪುರಾವೆ ಕೇಳಿದರೆ? ಆ ಕಾಗದವನ್ನು ಹಾಗೇ ಕಳಿಸುವುದು ದೊಡ್ಡ ತಪ್ಪು. ಅದರಲ್ಲಿ ಯಾವ ಬಗೆಯ ಅರ್ಜಿ ಎಂಬುದೂ ಅರ್ಜಿಯ ರಸೀತಿ ಸಂಖ್ಯೆಯೂ ಮನೆ ವಿಳಾಸವೂ ಇರುತ್ತವೆ. ನಿಮ್ಮ ಏಲಿಯನ್ ನಂಬರೂ ಇರಬಹುದು. ನಕಲು ಮಾಡಿ, ಹೆಸರು, ದಿನ, ಗಂಟೆ ಮಾತ್ರ ಕಾಣುವಂತೆ ಉಳಿದದ್ದನ್ನು ಮುಚ್ಚಿ, ಮ್ಯಾನೇಜರಿಗಲ್ಲ, ಎಚ್‌ಆರ್‌ಗೆ ಕೊಡಿ. ಕಂಪನಿಯೇ ನಿಮ್ಮ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ್ದರೆ ಎಚ್‌ಆರ್‌ಗೂ ಅವರ ವಕೀಲರಿಗೂ ವಿಷಯ ಗೊತ್ತೇ ಇರುತ್ತದೆ. ಹಾಗಿದ್ದರೂ ಪಕ್ಕದ ಮೇಜಿನವರಿಗೆ ಗೊತ್ತಾಗಬೇಕಿಲ್ಲ.

ಖಾಸಗಿ ಕಂಪನಿ ಇಂಥ ದಿನಕ್ಕೆ ರಜೆ ಕೊಡಲೇಬೇಕು ಎಂಬ ಕೇಂದ್ರ ಕಾನೂನು ಅಮೆರಿಕದಲ್ಲಿಲ್ಲ. ಆದ್ದರಿಂದ ಕಾಗದ ಕೈಸೇರಿದ ದಿನವೇ ಕೇಳಿ. ರಜೆ ಸಿಗದೇ ಹೋದರೆ ಸುಮ್ಮನೆ ತಪ್ಪಿಸಿಕೊಳ್ಳಬೇಡಿ. ನಿಗದಿತ ಗಂಟೆಗೆ ಮೊದಲೇ ಕಾರಣ ಹೇಳಿ ಬೇರೆ ದಿನ ಕೊಡುವಂತೆ ಇಲಾಖೆಯನ್ನು ಕೋರಿ. ಹೇಳದೆ ಕೇಳದೆ ಬೆರಳಚ್ಚಿಗೆ ಹೋಗದವರ ಅರ್ಜಿಯನ್ನು ಕೈಬಿಟ್ಟದ್ದೆಂದು ಪರಿಗಣಿಸಿ ಇಲಾಖೆ ತಿರಸ್ಕರಿಸಬಹುದು.