ಹುಸಿಗುರುತು: ಅದರ ಕ್ರಮ ಮತ್ತು ಮಿತಿ

ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಸುತ್ತಣ ತೋಟಗಳಲ್ಲಿ ಬೆಳೆಯುವ ‘ಬೆಂಗಳೂರು ನೀಲಿ’ ದ್ರಾಕ್ಷಿಗೆ ಬೂಜುತುಪ್ಪಟ ರೋಗದ ಬಾಧೆಯುಂಟು. ಎಲೆಯ ಮೇಲ್ಭಾಗದಲ್ಲಿ ಎಣ್ಣೆ ಸೋಕಿದಂತಹ ಹಳದಿ ಮಚ್ಚೆಯೂ ಅಡಿಭಾಗದಲ್ಲಿ ಬಿಳಿಯ ಬೂಜೂ ಅದರ ಲಕ್ಷಣಗಳು. ಎಲೆಗಳ ಛಾಯಾಚಿತ್ರಗಳನ್ನು ಸಾವಿರಗಟ್ಟಲೆ ತೆಗೆಯುವುದು ಸುಲಭ. ಒಂದೊಂದನ್ನೂ ತಜ್ಞರು ಪರೀಕ್ಷಿಸಿ ‘ರೋಗವುಳ್ಳದ್ದು’, ‘ಆರೋಗ್ಯವುಳ್ಳದ್ದು’ ಎಂದು ಗುರುತು ಹಾಕುವುದು ಸುಲಭವಲ್ಲ. ಗುರುತಿಲ್ಲದ ಚಿತ್ರಗಳನ್ನೂ ಯಂತ್ರದ ಕಲಿಕೆಗೆ ಒದಗಿಸಿಕೊಳ್ಳುವ ಉಪಾಯವೇ ಹುಸಿಗುರುತು.

ಇದರ ಕ್ರಮ ಸರಳವಾದುದು. ಗುರುತುಳ್ಳ ಚಿತ್ರಗಳಿಂದ ಯಂತ್ರಕ್ಕೆ ಮೊದಲು ಕಲಿಸಬೇಕು. ಬಳಿಕ ಅದು ಉಳಿದ ಚಿತ್ರಗಳನ್ನು ನೋಡಿ ತನ್ನ ಉತ್ತರವನ್ನೂ ಆ ಉತ್ತರದ ಸಂಭಾವ್ಯತೆಯನ್ನೂ ಹೇಳುತ್ತದೆ. ಸಂಭಾವ್ಯತೆ 0.95ನ್ನು ಮೀರಿದ ಉತ್ತರಗಳನ್ನು ನಿಜವಾದ ಗುರುತುಗಳೆಂದೇ ಭಾವಿಸಿ ಮತ್ತೆ ಕಲಿಸಬೇಕು. 2013ರಲ್ಲಿ ಡಾಂಗ್-ಹ್ಯುನ್ ಲೀ ಅವರು ಈ ವಿಧಾನವನ್ನು ನರಜಾಲಗಳಿಗೆ ಅನ್ವಯಿಸಿದಾಗ, ಹುಸಿಗುರುತುಗಳ ತೂಕವನ್ನು ಸೊನ್ನೆಯಿಂದ ಆರಂಭಿಸಿ ಕ್ರಮೇಣ ಏರಿಸಿದರು. ಏಕೆಂದರೆ ಆರಂಭದ ಉತ್ತರಗಳು ನಂಬತಕ್ಕವಲ್ಲ.

ಇದರ ಅಪಾಯವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯೋಣ. ನಮ್ಮಲ್ಲಿ 10,000 ಚಿತ್ರಗಳಿದ್ದು, 400ಕ್ಕೆ ಮಾತ್ರ ಗುರುತಿದೆ ಎನ್ನೋಣ. ಅವುಗಳಲ್ಲಿ 100ನ್ನು ಪರೀಕ್ಷೆಗೆಂದು ಪ್ರತ್ಯೇಕವಾಗಿರಿಸಿ, 300ರಿಂದ ಕಲಿಸುತ್ತೇವೆ. ಉಳಿದ 9,600 ಚಿತ್ರಗಳಲ್ಲಿ 4,200ಕ್ಕೆ ಹುಸಿಗುರುತು ದೊರೆಯಿತು. ಇವುಗಳಲ್ಲಿ ನೂರಕ್ಕೆ 12 ತಪ್ಪಾಗಿದ್ದರೆ, ತಪ್ಪು ಗುರುತುಗಳು 504 ಆಗುತ್ತವೆ. ಅಂದರೆ ತಜ್ಞರು ಹಾಕಿದ 300 ಗುರುತುಗಳಿಗಿಂತ ಹೆಚ್ಚು.

ಈ ತಪ್ಪುಗಳು ಚದುರಿದ್ದರೆ ಹಾನಿ ಅಷ್ಟಿಲ್ಲ. ಒಂದೇ ಬಗೆಯವಾದರೆ ಹಾನಿ ದೊಡ್ಡದು. ಬೋರ್ಡೋ ದ್ರಾವಣ ಸಿಂಪಡಿಸಿದ ಎಲೆಯ ಮೇಲೆ ನೀಲಿಬಿಳುಪಿನ ಕಲೆಗಳು ಒಣಗಿ ನಿಲ್ಲುತ್ತವೆ. ಅಂತಹ ಎಲೆಗಳು ಮೊದಲ 300ರಲ್ಲಿ ಇಲ್ಲದಿದ್ದರೆ, ಯಂತ್ರವು ಆ ಕಲೆಯನ್ನು ಬೂಜೆಂದು ಬಗೆಯಬಹುದು. ಎರಡನೆಯ ಸುತ್ತಿನಲ್ಲಿ ಆ ತಪ್ಪೇ ಪಾಠವಾಗಿ, ಯಂತ್ರದ ವಿಶ್ವಾಸ ಮತ್ತಷ್ಟು ಬಲಿಯುತ್ತದೆ. ಆದುದರಿಂದ ಹೆಚ್ಚಿನ ಸಂಭಾವ್ಯತೆ ಸತ್ಯಕ್ಕೆ ಪ್ರಮಾಣವಲ್ಲ.

ಇದನ್ನು ಕಂಡುಹಿಡಿಯುವುದು ಹೇಗೆ? ಮಿತಿಯನ್ನು ದಾಟುವ ಚಿತ್ರಗಳ ಸಂಖ್ಯೆ ಸುತ್ತಿನಿಂದ ಸುತ್ತಿಗೆ ಏರುತ್ತಿದ್ದರೂ ಪ್ರತ್ಯೇಕವಾಗಿರಿಸಿದ 100ರಲ್ಲಿ ಸರಿಯುತ್ತರಗಳು ಹೆಚ್ಚದಿದ್ದರೆ, ದೋಷವು ಬೇರೂರುತ್ತಿದೆಯೆಂದು ತಿಳಿಯಬೇಕು. ಆ 100 ಚಿತ್ರಗಳು ಕಲಿಕೆಗೆ ಬಳಸದ ತೋಟಗಳವಾಗಿರಬೇಕು. ಸಿಂಪಡಿಸಿದ ಎಲೆಗಳೂ ಅವುಗಳಲ್ಲಿರಬೇಕು. ಇಲ್ಲವಾದರೆ ಪರೀಕ್ಷೆಯೂ ಅದೇ ದೋಷವನ್ನು ಮರೆಮಾಡೀತು. ಜೊತೆಗೆ ಹುಸಿಗುರುತು ಪಡೆದ ಚಿತ್ರಗಳಿಂದ ನೂರನ್ನು ಯಾದೃಚ್ಛಿಕವಾಗಿ ಆರಿಸಿ ತಜ್ಞರಿಗೆ ತೋರಿಸುವುದು ಲೇಸು.

ದೋಷ ಕಂಡಾಗ ಮಿತಿಯನ್ನು 0.99ಕ್ಕೆ ಏರಿಸಿದರೆ ಸಾಲದು; ಕಲೆಯುಳ್ಳ ಎಲೆಗಳ ವಿಷಯದಲ್ಲಿ ಯಂತ್ರಕ್ಕೆ ಅಷ್ಟೇ ವಿಶ್ವಾಸವಿರಬಹುದು. ಅಂತಹ ಐವತ್ತು ಎಲೆಗಳಿಗೆ ತಜ್ಞರಿಂದ ನಿಜವಾದ ಗುರುತು ಹಾಕಿಸಿ, ಹಳೆಯ ಹುಸಿಗುರುತುಗಳನ್ನೆಲ್ಲ ತೊರೆದು, ಮೊದಲಿನಿಂದ ಕಲಿಸುವುದೇ ಸರಿಯಾದ ಮಾರ್ಗ. ಹುಸಿಗುರುತು ತಜ್ಞರ ಶ್ರಮವನ್ನು ಕಡಿಮೆ ಮಾಡಬಲ್ಲದು. ಆದರೆ ಅವರು ಒಮ್ಮೆಯೂ ತೋರಿಸದ ಭೇದವನ್ನು ಅದು ತಾನಾಗಿ ಕಲಿಸಲಾರದು.