ಓಡದ ಯಂತ್ರಕ್ಕೂ ಲಾಭ

ಇರುವ ಯಂತ್ರಗಳೇ ಅರ್ಧ ಹೊತ್ತು ಸುಮ್ಮನೆ ನಿಂತಿರುವಾಗ ಕಾರ್ಖಾನೆಯ ಮಾಲೀಕ ಇನ್ನಷ್ಟು ಯಂತ್ರಗಳನ್ನು ಏಕೆ ಕೊಳ್ಳುತ್ತಾನೆ? 1960ರ ದಶಕದ ಭಾರತದಲ್ಲಿ ಇದಕ್ಕೊಂದು ಗಟ್ಟಿ ಕಾರಣವಿತ್ತು. ವಿದೇಶಿ ವಿನಿಮಯದ ಅಭಾವದಿಂದ ಸರ್ಕಾರ ಆಮದಿಗೆ ಮಿತಿ ಹಾಕಿತ್ತು. ಲೈಸೆನ್ಸ್ ಪಡೆದು ಹೊರಗಿನಿಂದ ತರಿಸಿದ ಸರಕಿಗೆ, ಕೊಟ್ಟ ದುಡ್ಡಿಗಿಂತ ಹೆಚ್ಚಿನ ಬೆಲೆ ದೇಶದೊಳಗೆ ಇತ್ತು. ಎಷ್ಟೋ ಉದ್ಯಮಗಳಲ್ಲಿ ಆ ಲೈಸೆನ್ಸನ್ನು ಹಂಚುತ್ತಿದ್ದುದು ಕಾರ್ಖಾನೆಯ ಸಾಮರ್ಥ್ಯ ನೋಡಿ.

ಒಂದು ಕಲ್ಪಿತ ಲೆಕ್ಕ ಹಾಕೋಣ. ಎರಡು ಕಾರ್ಖಾನೆಗಳಿವೆ, ತಲಾ ಹತ್ತು ಯಂತ್ರ. ವರ್ಷಕ್ಕೆ ಬರುವ ಕಚ್ಚಾವಸ್ತು 600 ಟನ್. ಟನ್ನಿಗೆ ಸಾವಿರ ರೂಪಾಯಿ ಬೆಲೆ ವ್ಯತ್ಯಾಸ. ತಲಾ 300 ಟನ್ ಸಿಕ್ಕರೆ ತಲಾ ಮೂರು ಲಕ್ಷ ಲಾಭ. ಈಗ ಮೊದಲನೆಯವನು ವರ್ಷಕ್ಕೆ 80 ಸಾವಿರ ಖರ್ಚು ಬೀಳುವಂತೆ ಹತ್ತು ಯಂತ್ರ ಹೆಚ್ಚಿಸುತ್ತಾನೆ. ಅವನ ಪಾಲು 400 ಟನ್ನಿಗೆ ಏರುತ್ತದೆ. ಒಂದು ಲಕ್ಷ ಹೆಚ್ಚು ಬಂತು, 20 ಸಾವಿರ ಉಳಿಯಿತು. ಎರಡನೆಯವನು ಸುಮ್ಮನಿರುತ್ತಾನೆಯೇ? ಅವನೂ ಹತ್ತು ಯಂತ್ರ ತರುತ್ತಾನೆ. ಪಾಲು ಮತ್ತೆ ತಲಾ 300 ಟನ್. ವರ್ಷಕ್ಕೆ 1.6 ಲಕ್ಷ ಖರ್ಚಾಯಿತು. ಸರಕು ಒಂದು ಕಿಲೋ ಕೂಡ ಹೆಚ್ಚಲಿಲ್ಲ. ಇಬ್ಬರಲ್ಲಿ ಯಾರೂ ದಡ್ಡರಲ್ಲ, ಹಿಂದೆ ಸರಿದವನಿಗೆ ಇನ್ನೂ ಹೆಚ್ಚು ನಷ್ಟ.

ಹೊಸದಾಗಿ ಏನನ್ನೂ ತಯಾರಿಸದೆ, ಸರ್ಕಾರದ ನಿಯಮ ಹುಟ್ಟಿಸಿದ ಲಾಭಕ್ಕಾಗಿ ಹೀಗೆ ಹಣ ಸುರಿಯುವುದನ್ನು ಅರ್ಥಶಾಸ್ತ್ರದಲ್ಲಿ ‘ರೆಂಟ್ ಸೀಕಿಂಗ್’ ಎನ್ನುತ್ತಾರೆ. ಗೋರ್ಡನ್ ಟುಲಕ್ 1967ರಲ್ಲೇ ಇದರ ತಿರುಳನ್ನು ಹೇಳಿದ್ದರು. ಹೆಸರು ಬಂದದ್ದು 1974ರಲ್ಲಿ, ಆನ್ ಕ್ರೂಗರ್ ಅವರ ಪ್ರಬಂಧದಿಂದ. ಅವರ ಮುಖ್ಯ ಉದಾಹರಣೆಗಳು ಭಾರತ ಮತ್ತು ಟರ್ಕಿ. ಯಂತ್ರ ಕೊಳ್ಳುವುದಷ್ಟೇ ಅಲ್ಲ, ರಾಜಧಾನಿಗೆ ಓಡಾಟ, ಅಲ್ಲೊಂದು ಕಚೇರಿ, ಅಧಿಕಾರಿಗಳ ಮನವೊಲಿಸಲು ಆಳು, ಎಲ್ಲವೂ ಅದೇ ಪೈಪೋಟಿಯ ಖರ್ಚು.

ಲಂಚದ ವಿಷಯ ಸ್ವಲ್ಪ ತೊಡಕಿನದು. ಲಂಚ ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಹೋಗುತ್ತದೆ. ನೀತಿಗೆಟ್ಟದ್ದು ನಿಜ, ಆದರೆ ಲೆಕ್ಕದಲ್ಲಿ ಅದು ಸುಟ್ಟುಹೋದ ಸಂಪತ್ತಲ್ಲ. ಆದರೆ ಲಂಚ ಸಿಗುವ ಕುರ್ಚಿಗಾಗಿ ನೂರಾರು ಜನ ವರ್ಷಗಟ್ಟಲೆ ಹೆಣಗಿದರೆ ಆ ಶ್ರಮವಂತೂ ಮಣ್ಣುಪಾಲು.

1964ರ ಭಾರತದಲ್ಲಿ ಸರ್ಕಾರದ ನಿಯಮ ಹುಟ್ಟಿಸಿದ ಇಂಥ ಲಾಭಗಳ ಒಟ್ಟು ಮೊತ್ತ ರಾಷ್ಟ್ರೀಯ ಆದಾಯದ ಶೇ. 7.3ರಷ್ಟಿತ್ತೆಂದು ಕ್ರೂಗರ್ ಅಂದಾಜಿಸಿದರು. ಇದನ್ನು ಎಚ್ಚರದಿಂದ ಓದಬೇಕು: ಇದು ಪೈಪೋಟಿಗೆ ಇಟ್ಟಿದ್ದ ಹಣದ ಗಾತ್ರವೇ ಹೊರತು ಅಳೆದು ನೋಡಿದ ಪೋಲಲ್ಲ. ಅದರಲ್ಲಿ ಎಷ್ಟು ಪೋಲಾಗುತ್ತದೆ ಎಂಬುದು ಎಷ್ಟು ಜನ ಕಣಕ್ಕಿಳಿದಿದ್ದಾರೆ, ಹಂಚಿಕೆಯ ನಿಯಮವೇನು ಎಂಬುದರ ಮೇಲಿದೆ. ಲೈಸೆನ್ಸನ್ನು ಬಹಿರಂಗ ಹರಾಜಿಗೆ ಇಟ್ಟಿದ್ದರೆ ಬೆಲೆ ವ್ಯತ್ಯಾಸದ ಬಹುಪಾಲು ಖಜಾನೆಗೆ ಸೇರುತ್ತಿತ್ತು, ಓಡದ ಯಂತ್ರ ಕೊಳ್ಳುವ ಕಾರಣವೂ ಇರುತ್ತಿರಲಿಲ್ಲ.

ಸರ್ಕಾರ ಆ ದಾರಿ ಹಿಡಿಯಲಿಲ್ಲ. ಕಚ್ಚಾವಸ್ತು, ಯಂತ್ರೋಪಕರಣಗಳ ಆಮದಿನ ಲೈಸೆನ್ಸ್ ಬಹುಮಟ್ಟಿಗೆ ತೊಲಗಿದ್ದು 1991ರ ಸುಧಾರಣೆಯ ನಂತರ. ಗ್ರಾಹಕ ವಸ್ತುಗಳ ಮೇಲೆ ಉಳಿದಿದ್ದ ಆಮದು ಮಿತಿಯನ್ನು ತೆಗೆದದ್ದು 2001ರ ಏಪ್ರಿಲ್‌ನಲ್ಲಿ.